ಪ್ರಾಸ್ಪೆಕ್ಟಸ್‌ನ ಹಳೇ ಲಾಂಛನ ಬದಲಿಸಬೇಕೇ? ಡಿಸೈನರ್‌ಗೆ ಹೀಗೆ ಬರೆಯಿರಿ

"ಹಳೇ ಲೋಗೋ ತೆಗೆದು ಹೊಸದು ಹಾಕಿ, ಅರ್ಜೆಂಟ್." ಜೊತೆಗೆ ಶಾಲೆಯ ಬೋರ್ಡಿನ ಒಂದು ವಾಟ್ಸಾಪ್ ಫೋಟೊ. ಡಿಟಿಪಿ ಕೆಲಸ ಮಾಡುವ ನನಗೆ ಪ್ರಿನ್ಸಿಪಾಲರಿಂದ ಬರುವ ಪತ್ರ ಹೆಚ್ಚಾಗಿ ಇಷ್ಟೇ ಇರುತ್ತದೆ. ಆಮೇಲೆ ನಾಲ್ಕು ದಿನ ಫೋನಿನಲ್ಲೇ ಕಳೆಯುತ್ತದೆ.

ಪತ್ರ ಬರೆಯುವ ಮೊದಲು ಲಾಂಛನದ ಮೂಲ ಫೈಲ್ ಹುಡುಕಿ. ಅದನ್ನು ಬರೆದ ಕಲಾವಿದರ ಹತ್ತಿರ ಕೋರೆಲ್‌ಡ್ರಾ ಫೈಲೋ ಪಿಡಿಎಫೋ ಇರುತ್ತದೆ, ಅದನ್ನೇ ಕೇಳಿ. ತೆರೆದು ದೊಡ್ಡದು ಮಾಡಿ ನೋಡಿ: ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಅದು ಬರೀ ಚಿತ್ರ, ನಮಗೆ ಬೇಕಾದ ಮೂಲ ಫೈಲ್ ಅಲ್ಲ. ಬೇರೆ ದಾರಿಯಿಲ್ಲದೆ ಚಿತ್ರವನ್ನೇ ಕಳಿಸುವುದಾದರೆ, 4 ಸೆಂ.ಮೀ. ಅಗಲದ ಲಾಂಛನ 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಯಂತೆ, ಚೆನ್ನಾಗಿ ಬರಲು ಸುಮಾರು 470 ಪಿಕ್ಸೆಲ್ ಅಗಲ ಬೇಕು. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ.

ಜಾಸ್ತಿ ಎಡವಟ್ಟಾಗುವುದು ಲಾಂಛನದೊಳಗಿನ ಕನ್ನಡ ಧ್ಯೇಯವಾಕ್ಯದಲ್ಲಿ. ಅದನ್ನು 'ನುಡಿ' ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದು, ನಮ್ಮ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ, ಕನ್ನಡ ಹೋಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಅದಕ್ಕೇ ಅಕ್ಷರಗಳನ್ನು 'ಕರ್ವ್ಸ್' ಮಾಡಿಸಿಕೊಳ್ಳಿ, ಅಂದರೆ ಅಕ್ಷರ ರೇಖಾಚಿತ್ರವಾಗುತ್ತದೆ. ಆದರೆ ಆಮೇಲೆ ಟೈಪ್ ಮಾಡಿ ತಿದ್ದಲು ಆಗುವುದಿಲ್ಲ, ಕಾಗುಣಿತ ಮೊದಲೇ ನೋಡಿ. ಒಂದು ಶಾಲೆಯ ಲಾಂಛನದಲ್ಲಿ ಒತ್ತು ಬಿದ್ದುಹೋಗಿ 'ವಿದ್ಯೆ' 'ವಿದೆ' ಆಗಿತ್ತು. ನಾನೂ ನೋಡಲಿಲ್ಲ, ಅವರೂ ನೋಡಲಿಲ್ಲ, ಮುದ್ರಣವೇ ಆಗಿಹೋಯಿತು!

ಇನ್ನು ಹಳೇ ಪ್ರತಿಯೊಂದನ್ನು ಹಿಡಿದು ಪುಟ ಪುಟವೂ ತಿರುವಿ. ಮುಖಪುಟದ್ದು ಎಲ್ಲರಿಗೂ ಕಾಣುತ್ತದೆ, ಅರ್ಜಿ ನಮೂನೆಯ ಹಿಂದೆ ತಿಳಿಯಾಗಿ ಅಚ್ಚಾದದ್ದು ಯಾರಿಗೂ ನೆನಪಿರುವುದಿಲ್ಲ. ಈಗ ಪತ್ರ ಸುಲಭ:

"ನಮಸ್ಕಾರ. ನಮ್ಮ ಪ್ರಾಸ್ಪೆಕ್ಟಸ್‌ನ ಮುಖಪುಟದಲ್ಲಿರುವ ಹಳೇ ದುಂಡನೆಯ ಲಾಂಛನದ ಬದಲು ಲಗತ್ತಿಸಿರುವ ಗುರಾಣಿ ಆಕಾರದ ಲಾಂಛನ ಹಾಕಿ. ಅಗಲ ಮೊದಲಿನಂತೆ 4 ಸೆಂ.ಮೀ. ಇರಲಿ. ಎತ್ತರ 5 ಸೆಂ.ಮೀ. ಆಗುವುದರಿಂದ ಶಾಲೆಯ ಹೆಸರನ್ನು 1 ಸೆಂ.ಮೀ. ಕೆಳಗಿಳಿಸಿ, ಲಾಂಛನವನ್ನು ಎಳೆದು ಚಪ್ಪಟೆ ಮಾಡಬೇಡಿ. ಹಿಂಬದಿ ರಕ್ಷಾಪುಟ ಮತ್ತು 12ನೇ ಪುಟದ ಅರ್ಜಿಯಲ್ಲೂ ಬದಲಿಸಿ. ಉಳಿದದ್ದು ಹಾಗೇ ಇರಲಿ. ಶುಕ್ರವಾರದೊಳಗೆ ಪಿಡಿಎಫ್ ಮತ್ತು ಮುಖಪುಟದ ಒಂದು ಕಲರ್ ಪ್ರಿಂಟ್ ಕಳಿಸಿ. ನಾನು ಸಹಿ ಮಾಡಿದ ಮೇಲೆ ಪ್ರೆಸ್‌ಗೆ ಕೊಡಿ."

ಕಲರ್ ಪ್ರಿಂಟ್ ಸುಮ್ನೆ ಕೇಳಿದ್ದಲ್ಲ. ಪರದೆಯಲ್ಲಿ ಕಡುನೀಲಿ ಕಂಡದ್ದು ಕಾಗದದ ಮೇಲೆ ನೇರಳೆಗೆ ತಿರುಗುವುದುಂಟು. ಲಾಂಛನಕ್ಕೆ ಗೊತ್ತುಮಾಡಿದ ಬಣ್ಣವಿದ್ದರೆ ಅದರ ಸಿಎಂವೈಕೆ ಅಂಕಿಗಳನ್ನೂ, ಅಂದರೆ ಮುದ್ರಣದ ನಾಲ್ಕು ಶಾಯಿಗಳ ಪ್ರಮಾಣವನ್ನೂ, ಪತ್ರದಲ್ಲೇ ಬರೆಯಿರಿ.

ಇನ್ನೊಂದು ಸಾಲು ಸೇರಿಸಿ: "ಹಳೇ ಫೈಲಿನ ಹೆಸರಿಗೆ OLD ಎಂದು ಸೇರಿಸಿ ಬೇರೆ ಫೋಲ್ಡರ್‌ನಲ್ಲಿಡಿ." ಇಲ್ಲದಿದ್ದರೆ ಮುಂದಿನ ವರ್ಷ ಅಂಗಡಿಯ ಹೊಸ ಹುಡುಗ ಅದನ್ನೇ ತೆರೆದು, ಇಸವಿ ಮಾತ್ರ ಬದಲಿಸಿ ಪ್ರೆಸ್‌ಗೆ ಕಳಿಸಿಬಿಡುತ್ತಾನೆ.