ಪಟ್ಟಿ ಮಡಚಿ ಸಮಾನ ಭಿನ್ನರಾಶಿ ಕಲಿಸಿದ ನನ್ನ ಅನುಭವ

ತೀರ್ಥಹಳ್ಳಿ ಕಡೆಯ ಒಂದು ಶಾಲೆಯಲ್ಲಿ ಐದನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಸಮಾನ ಭಿನ್ನರಾಶಿ ಪಾಠ ಬಂದರೆ ಹಳೇ ಕ್ಯಾಲೆಂಡರ್ ಹಾಳೆಯಲ್ಲಿ 30 ಸೆಂ.ಮೀ. ಉದ್ದ, ಮೂರು ಬೆರಳಗಲದ ಪಟ್ಟಿ ಕತ್ತರಿಸಿಕೊಳ್ಳುತ್ತೇನೆ. ನ್ಯೂಸ್‌ಪೇಪರ್ ಬೇಡ. ನಮ್ಮ ಮಳೆಗಾಲಕ್ಕೆ ಅದು ಥಂಡಿ ಹಿಡಿದು ಮೆತ್ತಗಾಗುತ್ತೆ, ಮಡಚಿದ ಗೆರೆ ನಿಲ್ಲುವುದಿಲ್ಲ.

ಅರ್ಧ, ಕಾಲು ಮಕ್ಕಳಿಗೆ ಮನೆಯಿಂದಲೇ ಗೊತ್ತಿರುತ್ತೆ, ಅದು ಬೇಗ ಮುಗಿಯುತ್ತೆ. ಕಷ್ಟ ಇರುವುದು 2/3 ರಲ್ಲಿ. ಪಟ್ಟಿಯನ್ನು ಹಾವಿನ ಹಾಗೆ ಬಾಗಿಸಿ, ಮೂರೂ ಪದರ ಸರಿಯಾಗಿ ಕೂರುವವರೆಗೆ ಮೆಲ್ಲಗೆ ಸರಿಸಿ, ಆಮೇಲೆ ಉಗುರಿನಿಂದ ಗೆರೆ ಒತ್ತಬೇಕು. ಬಿಡಿಸಿ ಎರಡು ಭಾಗಕ್ಕೆ ಬಣ್ಣ ಹಾಕುತ್ತಾರೆ. ಮತ್ತೆ ಹಾಗೇ ಮೂರಾಗಿ ಮಡಚಿ, ಅದರ ಮೇಲೆ ಇನ್ನೊಂದು ಸಲ ಅರ್ಧಕ್ಕೆ ಮಡಚಿಸುತ್ತೇನೆ. ಬಿಡಿಸುವ ಮೊದಲು ಕೇಳುತ್ತೇನೆ, ಒಳಗೆ ಈಗ ಎಷ್ಟು ಭಾಗ ಇದೆ? ಸುಮಾರು ಜನ ಐದು ಅಂತಾರೆ. ಬಿಡಿಸಿದರೆ ಆರು, ಬಣ್ಣದ್ದು ನಾಲ್ಕು. ಬಣ್ಣದ ತುಂಡೂ ಎರಡಾಯ್ತು, ಬಿಳಿ ತುಂಡೂ ಎರಡಾಯ್ತು, ಬಣ್ಣ ಮಾತ್ರ ಇದ್ದಷ್ಟೇ ಇದೆ. ಈ ಮಾತು ಅವರ ಬಾಯಿಂದಲೇ ಬರುವವರೆಗೆ ಕಾಯುತ್ತೇನೆ.

ಒಂದು ವರ್ಷ ನಾನು ಕಾಯಲಿಲ್ಲ. ಒಂದೇ ದಿನ ಮಡಚಿಸಿ, ಮಾರನೇ ದಿನ ಬೋರ್ಡಿನ ಮೇಲೆ ನಿಯಮ ಬರೆದುಬಿಟ್ಟೆ. ನೋಟ್‌ಬುಕ್ ನೋಡಿದರೆ ಎಷ್ಟೋ ಮಕ್ಕಳು 2/3 = 4/5 ಅಂತ ಬರೆದಿದ್ದರು. "ಮೇಲೂ ಎರಡು ಕೂಡಿದೆ, ಕೆಳಗೂ ಎರಡು ಕೂಡಿದೆ ಟೀಚರ್" ಅಂದಳು ಒಬ್ಬಳು. ತಪ್ಪು ಅಂತ ಹೇಳದೆ ಇನ್ನೊಂದು ಪಟ್ಟಿ ಕೊಟ್ಟೆ. ಐದು ಭಾಗ ಮಡಚುವುದು ಕಷ್ಟ, ಅದಕ್ಕೆ ಸ್ಕೇಲಿನಿಂದ 6 ಸೆಂ.ಮೀ.ಗೊಂದು ಗೆರೆ ಹಾಕಿಸಿದೆ. ನಾಲ್ಕು ಭಾಗಕ್ಕೆ ಬಣ್ಣ ಹಾಕಿ, ಎರಡೂ ಪಟ್ಟಿಯನ್ನು ಒಂದರ ಕೆಳಗೊಂದು ಇಟ್ಟಳು. ಒಂದರ ಬಣ್ಣ 20 ಸೆಂ.ಮೀ.ಗೆ ನಿಂತಿತ್ತು, ಇನ್ನೊಂದರದ್ದು 24ರ ತನಕ ಹೋಗಿತ್ತು. ಎರಡು ಸಲ ಸರಿಸಿ ನೋಡಿ, ತಾನೇ ರಬ್ಬರ್ ತಗೊಂಡಳು.

ಆಮೇಲಿಂದ ಪಟ್ಟಿಗೂ ಚಿಹ್ನೆಗೂ ನಡುವೆ ಒಂದು ಮೆಟ್ಟಿಲು ಇಟ್ಟಿದ್ದೇನೆ. ಪ್ರತಿ ಸಲ ಮಡಚಿದಾಗಲೂ ನೋಟ್‌ಬುಕ್ಕಿನಲ್ಲಿ 'ಬಣ್ಣದ ಭಾಗ', 'ಒಟ್ಟು ಭಾಗ' ಅಂತ ಎರಡು ಸಾಲು ಬರೆಯಬೇಕು: 2 ಮತ್ತು 3, 4 ಮತ್ತು 6, ಇನ್ನೊಂದು ಸಲ ಮಡಚಿದರೆ 8 ಮತ್ತು 12. ಅದಕ್ಕಿಂತ ಮುಂದೆ ಕಾಗದ ದಪ್ಪವಾಗಿ ಗೆರೆ ಓರೆಯಾಗುತ್ತೆ, ನಿಲ್ಲಿಸಿಬಿಡುತ್ತೇನೆ. ಮೇಲಿನ ಸಾಲು ಅಂಶ, ಕೆಳಗಿನದು ಛೇದ ಅಂತ ಆಗ ಹೇಳಿ, ಎರಡಕ್ಕೂ ಪಕ್ಕದಲ್ಲಿ ×2 ಬಾಣ ಹಾಕಿಸುತ್ತೇನೆ. 2/3 = 4/6 = 8/12 ಅನ್ನುವುದು ಕೊನೆಗೆ.

ಪಟ್ಟಿ ಒಳಗಿಡಿಸಿ 2/3 = ?/15 ಕೊಟ್ಟೆ. ಒಬ್ಬ ಹುಡುಗ ಗಾಳಿಯಲ್ಲೇ ಕೈ ಮಡಚಿ, "ಒಂದೊಂದು ತುಂಡೂ ಐದಾಗಬೇಕು, ಹಂಗಾದ್ರೆ ಹತ್ತು" ಅಂದ. ಛೇದ 8 ಬರುತ್ತಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ ಹೇಳಿದ, "ಇಲ್ಲ ಟೀಚರ್, ಮೂರು ತುಂಡನ್ನೂ ಒಂದೇ ಸಮ ಮಾಡಿದ್ರೆ ಆರು ಬರುತ್ತೆ, ಇಲ್ಲಾಂದ್ರೆ ಒಂಬತ್ತು."