ವಾಶ್ ಆದ ಮೇಲಿನ ಲೆಕ್ಕ: ಇಕ್ಸಿಗೆ ಯಾವಾಗ ಕೈ ಹಾಕಬೇಕು (ನನ್ನ ಅನುಭವ)

ಬರೀ ವೀರ್ಯಾಣು ಕೌಂಟ್ ನೋಡಿ, ಡಿಶ್‌ನಲ್ಲಿ ಮೊಟ್ಟೆಯ ಪಕ್ಕ ವೀರ್ಯಾಣು ಬಿಡುವ ಐವಿಎಫ್ ಸಾಕೋ, ಒಂದೇ ವೀರ್ಯಾಣುವನ್ನು ಸೂಜಿಯಿಂದ ಮೊಟ್ಟೆಯೊಳಗೆ ಇಳಿಸುವ ಇಕ್ಸಿ ಬೇಕೋ ಎಂದು ಬರೆಯುವುದನ್ನು ನಮ್ಮ ಲ್ಯಾಬ್‌ನಲ್ಲಿ ಬಿಟ್ಟಿದ್ದೇವೆ. ಸೈಕಲ್ ಶುರುವಾಗುವ ಮೊದಲೇ ಒಂದು ಟ್ರಯಲ್ ವಾಶ್ ಮಾಡಿ, ಅಂದರೆ ವೀರ್ಯವನ್ನು ತೊಳೆದು ಓಡುವವನ್ನು ಬೇರ್ಪಡಿಸಿ, ಕೊಳವೆಯ ತಳದಲ್ಲಿ ಓಡಾಡುವ ವೀರ್ಯಾಣು ಎಷ್ಟು ಉಳಿದವು ಎಂದು ಎಣಿಸುತ್ತೇವೆ. ಕಲಬುರಗಿಯಲ್ಲಿ ಇದಕ್ಕೆ ಮೊದಮೊದಲು ಬಂದ ಮಾತು, ‘ಒಂದು ದಿನದ ಕೆಲಸ ಎರಡು ದಿನ ಯಾಕ್ರಿ?’ ಎಂದು. ಸೇಡಂ ಕಡೆಯ ಒಂದು ಕೇಸ್ ಆದ ಮೇಲೆ ಆ ಮಾತು ನಿಂತಿತು.

ಆ ಕೇಸ್‌ನಲ್ಲಿ ಗಂಡನ ಕೌಂಟ್ ಮಿಲಿಲೀಟರಿಗೆ 30 ಲಕ್ಷ, ವಾಲ್ಯೂಮ್ 2 ಮಿಲಿ. ಅಂದರೆ ಒಟ್ಟು 60 ಲಕ್ಷ. ಮುಂದಕ್ಕೆ ಓಡುವವು ನೂರಕ್ಕೆ ಇಪ್ಪತ್ತು, ಅಲ್ಲಿಗೆ 12 ಲಕ್ಷ. ಗ್ರೇಡಿಯೆಂಟ್ ವಾಶ್‌ನಲ್ಲಿ ಕೈಗೆ ಸಿಕ್ಕಿದ್ದು ಕಾಲು ಭಾಗ, ಸುಮಾರು 3 ಲಕ್ಷ. ಸರಿಯಾದ ಆಕಾರದವು ನೂರಕ್ಕೆ ಒಂದು.

ಈಗ ಐವಿಎಫ್ ಲೆಕ್ಕ ಹಾಕಿ. ಮಿಲಿಗೆ 1 ಲಕ್ಷದಂತೆ, ಡಿಶ್‌ನ 0.6 ಮಿಲಿಯ ಒಂದು ಗುಳಿಗೆ, ಅಂದರೆ ವೆಲ್‌ಗೆ, 60 ಸಾವಿರ ವೀರ್ಯಾಣು. ಮೂರು ವೆಲ್‌ಗೆ 1.8 ಲಕ್ಷ. ಕಾಗದದ ಮೇಲೆ ಸಾಕಾಗಿ ಉಳಿಯುತ್ತದೆ. ಅದೇ ಲೆಕ್ಕದ ಮೇಲೆ ಬೇರೊಂದು ಊರಿನಲ್ಲಿ ಮೊದಲ ಸೈಕಲ್ ಆಗಿತ್ತು: 9 ಮೊಟ್ಟೆ, ಮೂರು ವೆಲ್, ಮರುದಿನ ಫಲಿತದ್ದು ಸೊನ್ನೆ. ಡಿಸ್ಚಾರ್ಜ್ ಚೀಟಿಯಲ್ಲಿ ‘ಮೊಟ್ಟೆಯ ಗುಣಮಟ್ಟ ಕಳಪೆ, ದಾನಿ ಮೊಟ್ಟೆ ಪರಿಗಣಿಸಿ’ ಎಂದಿತ್ತು. ‘ಸೊಸಿ ಮೊಟ್ಟೀನೇ ಚಲೋ ಇಲ್ಲಂತ್ರಿ’ ಎಂದು ಅತ್ತೆ ಹೇಳಿದ್ದು ಆ ಚೀಟಿಯ ಪುಣ್ಯದಿಂದ.

ಇಂಥ ಕಡೆ ನೋಡಬೇಕಾದ್ದು ಮೊಟ್ಟೆಯ ಹೊರಕವಚ, ಝೋನಾ. ಮರುದಿನದ ಫೋಟೊಗಳು ಅವರ ಫೈಲ್‌ನಲ್ಲಿದ್ದವು. ಒಂದೊಂದು ಮೊಟ್ಟೆಗೂ ಪಕ್ವತೆಯ ಗುರುತಾದ ಪೋಲಾರ್ ಬಾಡಿ ಒಂದೇ, ಫಲಿತಾಗ ಎರಡು ಕಾಣಬೇಕಾದ ಪ್ರೊನ್ಯೂಕ್ಲಿಯಸ್ ಇಲ್ಲ, ಝೋನಾ ಮಾತ್ರ ತೊಳೆದಿಟ್ಟ ಹಾಗೆ ಸ್ವಚ್ಛ. ಹೆಚ್ಚೆಂದರೆ ಒಂದೋ ಎರಡೋ ವೀರ್ಯಾಣು ಅಂಟಿಕೊಂಡಿದ್ದವು. ಝೋನಾ ತುಂಬ ವೀರ್ಯಾಣು ಕಚ್ಚಿಕೊಂಡಿದ್ದೂ ಒಳಗೆ ಏನೂ ಆಗಿಲ್ಲವೆಂದರೆ ಮೊಟ್ಟೆಯ ಮೇಲೂ ಸಂಶಯಪಡಬಹುದು. ಕಚ್ಚಿಕೊಳ್ಳಲೇ ಇಲ್ಲ ಎಂದರೆ ಮೊದಲ ಸಂಶಯ ವೀರ್ಯಾಣುವಿನ ಮೇಲೆ ಬರಬೇಕು. ತಲೆಯ ಆಕಾರ ಕೆಟ್ಟಿದ್ದರೆ ಅಲ್ಲಿ ಹಿಡಿತ ಸಿಗುವುದಿಲ್ಲ, 60 ಸಾವಿರದ ಬದಲು ಲಕ್ಷ ಹಾಕಿದರೂ ಅಷ್ಟೇ. ಇಕ್ಸಿ ಆ ಬಾಗಿಲನ್ನೇ ದಾಟಿಸಿಬಿಡುತ್ತದೆ.

ಹೀಗಾಗಿ ನಮ್ಮ ಗೆರೆ ಇದು: ವಾಶ್ ಆದ ಮೇಲೆ ಓಡುವವು 10 ಲಕ್ಷಕ್ಕಿಂತ ಕಡಿಮೆ ಇದ್ದರೆ ಇಕ್ಸಿ. ಹಿಂದೆ ಐವಿಎಫ್‌ನಲ್ಲಿ ಪೂರ್ತಿ ಸೊನ್ನೆ ಬಂದಿದ್ದರೆ, ಅಥವಾ ವೃಷಣದಿಂದ ತೆಗೆದ ಸ್ಯಾಂಪಲ್ ಆದರೆ, ಲೆಕ್ಕವೇ ಬೇಡ, ಇಕ್ಸಿ. ಆಕಾರ ಒಂದೇ ಕೆಟ್ಟಿದ್ದು ಉಳಿದದ್ದು ಚೆನ್ನಾಗಿದ್ದರೆ ಅರ್ಧ ಮೊಟ್ಟೆ ಐವಿಎಫ್, ಅರ್ಧ ಇಕ್ಸಿ. ಗಂಡನ ರಿಪೋರ್ಟ್ ನೆಟ್ಟಗಿದ್ದಾಗಲೂ ಎಲ್ಲರಿಗೂ ಇಕ್ಸಿ ಬರೆಯುವವರಿದ್ದಾರೆ; ಅದರಿಂದ ಬಿಲ್ ಏರುತ್ತದೆ, ಗರ್ಭ ನಿಲ್ಲುವ ಸಾಧ್ಯತೆ ಏರುವುದಿಲ್ಲ.

ಎರಡನೇ ಸೈಕಲ್‌ನಲ್ಲಿ ಅದೇ ಹೆಣ್ಣುಮಗಳ 13 ಮೊಟ್ಟೆ ಸಿಕ್ಕವು. ಟ್ರಿಗರ್ ಇಂಜೆಕ್ಷನ್ ಆಗಿ 36 ಗಂಟೆಗೆ ಮೊಟ್ಟೆ ಪಿಕಪ್, ಆಮೇಲೆ ಎರಡೂವರೆ ಗಂಟೆ ಇನ್ಕ್ಯುಬೇಟರ್. ಮೊಟ್ಟೆಯ ಸುತ್ತಲಿನ ಜೀವಕೋಶಗಳನ್ನು ಸಡಿಲಿಸುವ ಹೈಲುರಾನಿಡೇಸ್ ಕಿಣ್ವದಲ್ಲಿ ಅರ್ಧ ನಿಮಿಷ ಅದ್ದಿ ತಕ್ಷಣ ಹೊರಗೆ, ಉಳಿದ ಜೀವಕೋಶಗಳನ್ನು ಪಿಪೆಟ್‌ನಿಂದಲೇ ಬಿಡಿಸಬೇಕು. ಅವಸರ ಬಿದ್ದು ಕಿಣ್ವದಲ್ಲೇ ಹೆಚ್ಚು ಹೊತ್ತು ಬಿಟ್ಟರೆ ಮೊಟ್ಟೆ ಸೂಜಿಗೆ ಮೊದಲೇ ಬಳಲಿರುತ್ತದೆ. ಬಿಡಿಸಿ ನೋಡಿದಾಗ 10 ಪಕ್ವ, 3 ಹಸಿ. ಪೋಲಾರ್ ಬಾಡಿ ಕಾಣದ ಮೊಟ್ಟೆಗೆ ಸೂಜಿ ಹಾಕುವುದು ದಂಡ.

ವೀರ್ಯಾಣುವಿನ ಬಾಲ ಮುರಿಯುವುದನ್ನು ಹೊಸಬರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಪಿವಿಪಿ ಎಂಬ ಮಂದ ದ್ರವದ ಹನಿಯಲ್ಲಿ ವೀರ್ಯಾಣು ನಿಧಾನವಾದಾಗ, ಕತ್ತಿನಿಂದ ಕೆಳಗೆ ಬಾಲದ ನಡುವಿಗೆ ಸೂಜಿಯನ್ನು ಒತ್ತಿ ಅಡ್ಡ ಎಳೆಯಬೇಕು. ಬಾಲಕ್ಕೆ ಸೊಟ್ಟು ಬಿದ್ದದ್ದು ಕಣ್ಣಿಗೆ ಕಾಣಬೇಕು. ಓಡಾಟ ನಿಲ್ಲಿಸುವುದಷ್ಟೇ ಇದರ ಕೆಲಸವಲ್ಲ. ಪೊರೆ ಹರಿದರೇನೇ ವೀರ್ಯಾಣುವಿನೊಳಗಿನ ಪ್ರೊಟೀನು ಹೊರಬಂದು ಮೊಟ್ಟೆಯನ್ನು ಎಚ್ಚರಿಸುವುದು. ಓಡಾಟ ನಿಂತಿದೆ, ಪೊರೆ ಹರಿದಿಲ್ಲ ಎಂದರೆ ಮರುದಿನ ಮೊಟ್ಟೆ ಹಾಗೇ ಕೂತಿರುತ್ತದೆ.

ಗಡಿಯಾರದ ಮುಖದ ಲೆಕ್ಕದಲ್ಲಿ ಪೋಲಾರ್ ಬಾಡಿ 12ಕ್ಕೋ 6ಕ್ಕೋ ಇರಲಿ, ಸೂಜಿ 3 ಗಂಟೆಯ ಕಡೆಯಿಂದ. ಇಲ್ಲಿ ಎರಡು ರೀತಿ ಕೆಡುತ್ತದೆ. ಒಳಪೊರೆ ರಬ್ಬರಿನಂತೆ ಚಾಚಿಕೊಂಡು ಸೂಜಿಯ ಜೊತೆ ಒಳಗೆ ಹೋಗುತ್ತದೆ, ನಾವು ಒಳಗೆ ಬಿಟ್ಟೆವು ಎಂದುಕೊಳ್ಳುತ್ತೇವೆ, ಸೂಜಿ ತೆಗೆದಾಗ ವೀರ್ಯಾಣು ಪೊರೆಯ ಹೊರಗೇ ಉಳಿದಿರುತ್ತದೆ. ಅದಕ್ಕೆ ಮೆಲ್ಲಗೆ ಹೀರಬೇಕು; ಸೂಜಿಯೊಳಗೆ ದ್ರವ ನಿಧಾನವಾಗಿ ಏರುತ್ತಿದ್ದದ್ದು ಒಮ್ಮೆಲೇ ಸರ್ರನೆ ನುಗ್ಗಿತು ಎಂದರೆ ಪೊರೆ ಹರಿಯಿತು. ಆ ಕ್ಷಣಕ್ಕೇ ಹೀರುವುದು ನಿಲ್ಲಿಸಿ, ಹೀರಿದಷ್ಟನ್ನೂ ವೀರ್ಯಾಣು ಸಮೇತ ವಾಪಸ್ ಬಿಟ್ಟು ಹೊರಬರಬೇಕು. ಪಿವಿಪಿ ಜಾಸ್ತಿ ಹೋಗಬಾರದು. ಎರಡನೆಯದು ಇದರ ತಿರುಗು: ತಡೆಯೇ ಇಲ್ಲದೆ ಸೂಜಿ ಬೆಣ್ಣೆಗೆ ಇಳಿದಂತೆ ಇಳಿದರೆ ಆ ಮೊಟ್ಟೆ ಒಡೆಯುವ ಸಂಭವ ಹೆಚ್ಚು. ಅಂಥದ್ದಕ್ಕೆ ಹೀರಲೇ ಬಾರದು. ಒಳ್ಳೆಯ ವೀರ್ಯಾಣುಗಳು ತಾವಾಗಿ ಹನಿಯ ಅಂಚಿಗೆ ಬಂದು ಸೇರುವಂತೆ ಡಿಶ್ ಹಾಕುವ ಒಂದು ವರಸೆ ನನಗಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಲ್ಯಾಬ್‌ಗೆ ಬಂದವರಿಗೆ ತೋರಿಸುತ್ತೇನೆ.

ಫಲಿತಾಂಶ: 10ರಲ್ಲಿ 1 ಒಡೆಯಿತು, 17 ಗಂಟೆಗೆ ನೋಡಿದಾಗ 7ಕ್ಕೆ ಎರಡೆರಡು ಪ್ರೊನ್ಯೂಕ್ಲಿಯಸ್, 1ಕ್ಕೆ ಒಂದೇ, 1 ಹಾಗೇ ಕೂತಿತ್ತು. ಐದನೇ ದಿನ ಬ್ಲಾಸ್ಟೊಸಿಸ್ಟ್ ಹಂತಕ್ಕೆ ಬೆಳೆದ ಭ್ರೂಣ 3. ಒಂದನ್ನು ಹಾಕಿದ್ದು ನಿಂತಿತು, ಎರಡು ಫ್ರೀಜ್‌ನಲ್ಲಿವೆ. ‘ಕಳಪೆ’ ಎಂದು ಬರೆಸಿಕೊಂಡ ಮೊಟ್ಟೆಗಳೇ ಇವು.

ನಡುವೆ ಒಂದು ಪ್ರಯೋಗ ಮಾಡಿದ್ದುಂಟು. ಪಿಕಪ್ ದಿನ ಮೊದಲ ಸ್ಯಾಂಪಲ್ ಆದ ಒಂದೆರಡು ಗಂಟೆಗೆ ಗಂಡನಿಂದ ಮತ್ತೊಂದು ಸ್ಯಾಂಪಲ್ ಕೇಳಿದೆ. ವಾಲ್ಯೂಮ್ ಅರ್ಧಕ್ಕಿಳಿಯಿತು, ಓಡಾಟ ಮಾತ್ರ ಮೊದಲಿಗಿಂತ ಚೆನ್ನಾಗಿತ್ತು. ಇಕ್ಸಿಗೆ ಬೇಕಾದದ್ದು ಹತ್ತೋ ಹದಿನೈದೋ ಒಳ್ಳೆಯವು, ವಾಲ್ಯೂಮ್ ಯಾರಿಗೆ ಬೇಕು? ಈಗ ತೀರಾ ಕಡಿಮೆ ಇರುವವರಿಗೆಲ್ಲ ಹೀಗೇ ಕೇಳುತ್ತೇವೆ. ಇನ್ನೊಂದು, ನಮ್ಮ ಮೇ ತಿಂಗಳ ಬಿಸಿಲು. 42 ಡಿಗ್ರಿಯಲ್ಲಿ ಬೈಕ್ ಡಿಕ್ಕಿಯಲ್ಲಿಟ್ಟು ತಂದ ಡಬ್ಬಿಯಲ್ಲಿ ಓಡುವವೇ ಇರಲಿಲ್ಲ. ಅದೇ ಮನುಷ್ಯ ಲ್ಯಾಬ್ ಪಕ್ಕದ ಕೋಣೆಯಲ್ಲಿ ಕೊಟ್ಟಾಗ ಇದ್ದವು. ಮನೆಯಿಂದ ತರುವುದನ್ನು ಬೇಸಿಗೆಯಲ್ಲಿ ನಿಲ್ಲಿಸಿದ್ದೇವೆ.

ದುಡ್ಡಿನ ಮಾತು. ಇಂಜೆಕ್ಷನ್ ಸೇರಿ ಸೈಕಲ್‌ಗೆ ಒಂದೂವರೆಯಿಂದ ಎರಡು ಲಕ್ಷ, ಇಕ್ಸಿಯ ಹೆಚ್ಚುವರಿ ಅದರಲ್ಲಿ ಮೂವತ್ತು ಸಾವಿರದ ಆಸುಪಾಸು. ಟ್ರಯಲ್ ವಾಶ್‌ಗೆ ಎರಡು ಸಾವಿರವೂ ಆಗುವುದಿಲ್ಲ. ಆ ಎರಡು ಸಾವಿರ ಉಳಿಸಲು ಹೋಗಿ ಈ ದಂಪತಿ ಒಂದು ಪೂರ್ತಿ ಸೈಕಲ್ ಕಳೆದುಕೊಂಡಿದ್ದರು. ಐವಿಎಫ್ ಫೇಲಾದ ಮರುದಿನ ಅದೇ ಮೊಟ್ಟೆಗಳಿಗೆ ಇಕ್ಸಿ ಮಾಡಿ ಉಳಿಸಬಹುದಲ್ಲ ಎನ್ನುವವರಿಗೆ: ಅಷ್ಟೊತ್ತಿಗೆ ಮೊಟ್ಟೆಗೆ ವಯಸ್ಸಾಗಿರುತ್ತದೆ, ಫಲಿತರೂ ಒಳ್ಳೆಯ ಭ್ರೂಣ ಸಿಗುವುದು ಅಪರೂಪ.

ಕೌಂಟ್ 50 ಲಕ್ಷಕ್ಕಿಂತ ಕಡಿಮೆ ಇದ್ದವರಿಗೆ ಕ್ರೋಮೊಸೋಮ್‌ಗಳನ್ನು ನೋಡುವ ಕ್ಯಾರಿಯೊಟೈಪ್ ಮತ್ತು ವೈ ಕ್ರೋಮೊಸೋಮ್‌ನ ತುಂಡು ಹೋಗಿದೆಯೇ ಎಂಬ ಪರೀಕ್ಷೆ ಆಗದೆ ನಾವು ಹೆಂಡತಿಗೆ ಮೊದಲ ಇಂಜೆಕ್ಷನ್ ಕೊಡುವುದಿಲ್ಲ. ವೈ ಕ್ರೋಮೊಸೋಮ್‌ನ ಎಝಡ್‌ಎಫ್‌ಸಿ ಎಂಬ ಭಾಗ ಹೋಗಿದ್ದರೂ ವೀರ್ಯಾಣು ಸಿಗಬಹುದು, ಇಕ್ಸಿ ಆಗುತ್ತದೆ. ಆದರೆ ಹುಟ್ಟುವ ಗಂಡುಮಗುವಿಗೂ ಅದೇ ತೊಂದರೆ ಹೋಗುತ್ತದೆ, ಅದನ್ನು ಇಬ್ಬರನ್ನೂ ಕೂರಿಸಿ ಹೇಳಬೇಕು. ವೀರ್ಯದಲ್ಲಿ ಏನೂ ಇಲ್ಲದವರಿಗೆ ಎಝಡ್‌ಎಫ್‌ಎ ಅಥವಾ ಬಿ ಪೂರ್ತಿ ಹೋಗಿದ್ದರೆ ವೃಷಣಕ್ಕೆ ಸೂಜಿ ಹಾಕಿಸುವುದೂ ವ್ಯರ್ಥ. ಸೇಡಂನವರ ಎರಡೂ ರಿಪೋರ್ಟ್ ನಾರ್ಮಲ್ ಬಂದ ಮೇಲೇ ಡೇಟ್ ಕೊಟ್ಟದ್ದು.