ಹದಿನೇಳನೆಯ ಮೇಲ್‌ಗೆ ನಾನು ಉತ್ತರ ಕೊಡಲಿಲ್ಲ

ತೋಟಗಳ ಒಣ ಕಾಫಿಯ ಸಿಪ್ಪೆ ಸುಲಿದು ವಿಂಗಡಿಸುವ ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ನನ್ನ ಕೆಲಸ. ತೋಟದವರಿಗೂ ನಮ್ಮ ಗುಣಮಟ್ಟ ವಿಭಾಗಕ್ಕೂ ಬೆಂಗಳೂರಿನ ಖರೀದಿದಾರರಿಗೂ ನಡುವೆ ಓಡಾಡುವ ಕಾಗದಪತ್ರಗಳೆಲ್ಲ ನನ್ನ ಮೇಜಿನ ಮೇಲೇ ಹಾದುಹೋಗುತ್ತವೆ.

ಒಂದು ಜನವರಿಯಲ್ಲಿ ಮೂಡಿಗೆರೆ ಕಡೆಯ ತೋಟವೊಂದರಿಂದ 120 ಚೀಲ ಅರೇಬಿಕಾ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ತಿರುಳು ತೆಗೆದು ಒಳಸಿಪ್ಪೆಯೊಂದಿಗೆ ಒಣಗಿಸಿದ ಕಾಫಿ, ಬಂತು. ತೋಟದ ಚೀಟಿಯಲ್ಲಿ ತೇವಾಂಶ ಶೇ 10.5 ಎಂದಿತ್ತು, ನಮ್ಮ ಮಾಪಕ 12.2 ತೋರಿಸಿತು. ಹೆಚ್ಚುವರಿ ತೇವಕ್ಕೆ ತೂಕ ಕಡಿತ ಮಾಡುತ್ತೇವೆ ಎಂದು ನಮ್ಮ ಗುಣಮಟ್ಟ ಅಧಿಕಾರಿ ಮೇಲ್ ಕಳಿಸಿದರು. ಅಲ್ಲಿಂದ ಶುರು. ತೋಟದ ಮ್ಯಾನೇಜರು "ಹತ್ತು ವರ್ಷದಿಂದ ಇಲ್ಲದ ತೇವ ಈಗೆಲ್ಲಿಂದ ಬಂತು" ಎಂದರು. ನಮ್ಮವರು ಹಳೆಯ ಚೀಟಿಗಳನ್ನು ಲಗತ್ತಿಸಿದರು. ಎರಡನೆಯ ದಿನ ಯಾರೋ ತೋಟದ ಮಾಲೀಕರನ್ನೂ ಸೇರಿಸಿದರು. ನಾಲ್ಕು ಜನರ ನಡುವಿನ ಮಾತು ಹನ್ನೊಂದು ಜನರ ಮುಂದೆ ಬಂತು. ಮೇಲ್‌ಗಳೆಲ್ಲ ಇಂಗ್ಲಿಷಿನಲ್ಲಿ. ಆ ಭಾಷೆಯಲ್ಲಿ 'ದಯವಿಟ್ಟು ಗಮನಿಸಿ' ಎಂದು ಬರೆದರೆ ಬೈದ ಹಾಗೇ ಕೇಳಿಸುವುದು ನಮ್ಮ ಕಚೇರಿಗಳ ವಿಶೇಷ.

ಹದಿನೇಳನೆಯದು ಬಂದಾಗ ಎಲ್ಲವನ್ನೂ ಮೊದಲಿನಿಂದ ಓದಿದೆ. ಆರನೆಯ ಮೇಲ್‌ನ ನಂತರ ಹೊಸ ವಿಷಯ ಒಂದೂ ಇರಲಿಲ್ಲ. ಉಳಿದ ಹನ್ನೊಂದೂ ಮಾಲೀಕರು ನೋಡಲಿ ಎಂದು ಬರೆದವು. ಬರೆಯುವವರು ಎದುರಾಳಿಯನ್ನು ಬಿಟ್ಟು ನೋಡುಗರಿಗಾಗಿ ಬರೆಯತೊಡಗಿದ ಮೇಲೆ ಮೇಲ್‌ನಲ್ಲಿ ಯಾವುದೂ ಇತ್ಯರ್ಥವಾಗುವುದಿಲ್ಲ.

ಹಿಂದೊಮ್ಮೆ ಇಂಥದ್ದೇ ಜಗಳದಲ್ಲಿ "ಎಲ್ಲರೂ ಸಮಾಧಾನದಿಂದ ಇರೋಣ, ಫೋನಿನಲ್ಲಿ ಮಾತಾಡೋಣ" ಎಂದು ಬರೆದು ಪೆಟ್ಟು ತಿಂದಿದ್ದೆ. ಸಮಾಧಾನ ಎಂದದ್ದು ಇಬ್ಬರಿಗೂ ಚುಚ್ಚಿತು. ಸಮಯ ಹೇಳದ್ದರಿಂದ ಕರೆಯೂ ನಡೆಯಲಿಲ್ಲ. ಈ ಸಲ ಮೊದಲು ತೋಟದ ಮ್ಯಾನೇಜರಿಗೆ ಫೋನ್ ಮಾಡಿ, ಯಾವ ಹೊತ್ತಿಗೆ ಸಿಗುತ್ತೀರಿ ಎಂದಷ್ಟೇ ಕೇಳಿದೆ. ಕೊಯ್ಲಿನ ಕಾಲ, ಸಂಜೆ ಹಣ್ಣಿನ ತೂಕ ಇರುತ್ತದೆ. ತೋಟದೊಳಗೆ ಸಿಗ್ನಲ್ ಇಲ್ಲ. ಮಧ್ಯಾಹ್ನ ಊಟಕ್ಕೆ ಬಂದಾಗ ಕಚೇರಿಯಲ್ಲಿ ಸಿಗುತ್ತೇನೆ ಎಂದರು. ಆಮೇಲೆ ಎಲ್ಲರಿಗೂ ಹೋಗುವಂತೆ, ವಿಷಯದ ಸಾಲನ್ನು ಬದಲಿಸದೆ ಬರೆದೆ. ಅದನ್ನು ಬದಲಿಸಿದರೆ ಹಲವರ ಪೆಟ್ಟಿಗೆಯಲ್ಲಿ ಅದು ಬೇರೆಯೇ ಸರಣಿಯಾಗಿ, ಹಳೆಯದರಲ್ಲಿ ಜಗಳ ಮುಂದುವರಿಯುತ್ತದೆ. ಕನ್ನಡದಲ್ಲಿ ಹೇಳುವುದಾದರೆ ಅದು ಹೀಗಿತ್ತು:

"ಎಲ್ಲರಿಗೂ ನಮಸ್ಕಾರ. 120 ಚೀಲಕ್ಕೆ ತೋಟದಲ್ಲಿ 10.5, ಇಲ್ಲಿ 12.2 ಬಂದಿದೆ. ಎರಡು ಅಳತೆಗಳಲ್ಲಿ ಈ ವ್ಯತ್ಯಾಸ ಏಕೆ ಎಂಬುದೊಂದೇ ಪ್ರಶ್ನೆ. ತೋಟದ ಮ್ಯಾನೇಜರು, ನಮ್ಮ ಗುಣಮಟ್ಟ ಅಧಿಕಾರಿ ಮತ್ತು ನಾನು ನಾಳೆ ಮಧ್ಯಾಹ್ನ 1.45ಕ್ಕೆ ಇಪ್ಪತ್ತು ನಿಮಿಷ ಮಾತನಾಡುತ್ತೇವೆ. ಅಲ್ಲಿಯವರೆಗೆ ಈ ಚೀಲಗಳನ್ನು ಸಿಪ್ಪೆ ಸುಲಿಯಲು ಹಾಕುವುದಿಲ್ಲ, ಕಡಿತವನ್ನೂ ಮಾಡುವುದಿಲ್ಲ. ತೀರ್ಮಾನವಾದದ್ದನ್ನು ಸಂಜೆ ಐದರೊಳಗೆ ಇಲ್ಲಿಯೇ ಬರೆಯುತ್ತೇನೆ."

ಕೊನೆಯ ಎರಡು ವಾಕ್ಯಗಳೇ ಕೆಲಸ ಮಾಡಿದವು. ಕಡಿತ ನಿಂತಿದೆ ಎಂದಾಗ ಮ್ಯಾನೇಜರಿಗೆ ಆತುರ ತಗ್ಗಿತು. ಫಲಿತಾಂಶ ಇಲ್ಲಿಗೇ ಬರುತ್ತದೆ ಎಂದಾಗ, ಬೆನ್ನ ಹಿಂದೆ ಏನೋ ನಡೆಯುತ್ತಿದೆ ಎಂದು ಉಳಿದ ಎಂಟು ಜನರಿಗೆ ಅನಿಸಲಿಲ್ಲ. ಆದರೂ ರಾತ್ರಿ ಇನ್ನೊಂದು ಬಿಸಿ ಮೇಲ್ ಬಂತು. ಉತ್ತರಿಸಬೇಡಿ ಎಂದು ನಮ್ಮ ಅಧಿಕಾರಿಗೆ ಹೇಳುವುದೇ ಕಷ್ಟವಾಯಿತು.

ಕರೆಯ ಮೊದಲ ಐದು ನಿಮಿಷ ಮ್ಯಾನೇಜರೊಬ್ಬರೇ ಮಾತನಾಡಿದರು, ನಾವು ಕೇಳಿದೆವು. ಬಳಿಕ ನಮ್ಮ ಅಧಿಕಾರಿ ಮೆಲ್ಲಗೆ, "ಸಾರ್, ನಿಮ್ಮ ಮಾಪಕದಲ್ಲಿ ಯಾವ ಬಗೆಯ ಕಾಫಿ ಆರಿಸಿದ್ದೀರಿ, ಒಮ್ಮೆ ನೋಡುತ್ತೀರಾ?" ಎಂದರು. ಮ್ಯಾನೇಜರು ತೋಟದ ಲೆಕ್ಕ ಬರೆಯುವ ರೈಟರನ್ನು ಕರೆದು ಮಾಪಕ ತರಿಸಿ ನೋಡಿದರು. ಆಯ್ಕೆ ಚೆರಿಯ ಮೇಲಿತ್ತು, ಅಂದರೆ ಹಣ್ಣನ್ನು ಇಡಿಯಾಗಿ ಒಣಗಿಸಿದ ಕಾಫಿಯ ಮೇಲೆ. ರೊಬಸ್ಟಾ ಚೆರಿ ಅಳೆದ ಮೇಲೆ ಯಾರೂ ಪಾರ್ಚ್‌ಮೆಂಟ್‌ಗೆ ಬದಲಿಸಿರಲಿಲ್ಲ. ಹದಿನೇಳು ಮೇಲ್‌ಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಮಾಲೀಕರ ಮುಂದೆ ಬರಹದಲ್ಲಿ ಕೇಳಿದ್ದರೆ ಅದು ಆರೋಪವಾಗುತ್ತಿತ್ತು.

ಮರುದಿನ ಹತ್ತು ಚೀಲಗಳ ನಡುವಿನಿಂದ ಮಾದರಿ ತೆಗೆದು, ರೈಟರ ಎದುರಿಗೇ ಎರಡೂ ಮಾಪಕಗಳಲ್ಲಿ ಅಳೆದೆವು. 11.8 ಬಂತು. ನಮ್ಮ ಕಣದಲ್ಲಿ ಮತ್ತೆ ಒಣಗಿಸುವುದು, ಕಡಿತ ಬೇಡ ಎಂದಾಯಿತು.

ಎಲ್ಲ ಜಗಳವನ್ನೂ ನಾನು ಫೋನಿಗೆ ತರುವುದಿಲ್ಲ. ಕಡಿತದ ದರವೇ ತಕರಾರಾಗಿದ್ದರೆ ಅದು ಒಪ್ಪಂದದ ಮಾತು, ಬರಹದಲ್ಲೇ ಇರಬೇಕು.

ಕರೆಯ ದಿನ ಸಂಜೆ ಬರೆದ ನಾಲ್ಕು ಸಾಲನ್ನು ಎಲ್ಲರಿಗೂ ಕಳಿಸುವ ಮೊದಲು ಇಬ್ಬರಿಗೂ ತೋರಿಸಿದ್ದೆ. "ತೋಟದ ಅಳತೆಯಲ್ಲಿ ತಪ್ಪಾಗಿತ್ತು" ಎಂದು ಬರೆದಿದ್ದೆ. ಮ್ಯಾನೇಜರು ಅದನ್ನು ಹೊಡೆದು, "ಮಾಪಕದ ಆಯ್ಕೆ ಚೆರಿಯ ಮೇಲೆ ಉಳಿದಿತ್ತು" ಎಂದು ತಿದ್ದಿದರು. ಹಾಗೆಯೇ ಕಳಿಸಿದೆ.